ಫೋಟೊದಲ್ಲಿ ಒಂದೇ ಉಂಗುರ, ಮೈಮೇಲೆ ಬೇರೆ ಬೇರೆ ರೋಗ

ಚರ್ಮರೋಗದ ವೈದ್ಯರ ಮೊಬೈಲಿಗೆ ಬರುವ ಫೋಟೊಗಳಲ್ಲಿ ಉಂಗುರಗಳದ್ದೇ ದೊಡ್ಡ ಪಾಲು. ಸೊಂಟದ ಮೇಲೊಂದು ಉಂಗುರ, ತೊಡೆಯ ಮೇಲೊಂದು, ಮಗುವಿನ ಕೆನ್ನೆಯ ಮೇಲೊಂದು. ಕೆಳಗೆ ಒಂದು ಸಾಲು: ‘ಡಾಕ್ಟ್ರೇ, ಇದು ಹುಳುಕಡ್ಡಿ ಅಲ್ವಾ? ಯಾವ ಟ್ಯೂಬ್ ಹಚ್ಚಲಿ?’ ಉತ್ತರ ಕರ್ನಾಟಕದ ಕಡೆಯವರಾದರೆ ‘ಗಜಕರ್ಣ ಆಗೇತ್ರಿ ಸರ್’ ಎಂದು ರೋಗನಿರ್ಣಯವನ್ನು ತಾವೇ ಮುಗಿಸಿ ಕಳಿಸಿರುತ್ತಾರೆ. ಬಹಳ ಸಲ ಅವರ ಊಹೆ ಸರಿಯಾಗಿಯೇ ಇರುತ್ತದೆ. ತೊಡಕು ಇರುವುದು ಉಳಿದ ಸಲಗಳಲ್ಲಿ. ಈ ಸಲ ಊಹೆ ಸರಿಯೋ ತಪ್ಪೋ ಎಂಬುದನ್ನು ಆ ಫೋಟೊ ತಾನಾಗಿ ಹೇಳುವುದಿಲ್ಲ.

ಅಂಥ ಎರಡು ಫೋಟೊಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡೋಣ. ಗುರುತು ಸಿಗದಿರಲೆಂದು ಊರು, ಕಸುಬು ಬದಲಿಸಿದ್ದೇನೆ. ಮೊದಲನೆಯದು ಬೆಂಗಳೂರಿನ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ ಇಪ್ಪತ್ತೆರಡರ ಹುಡುಗನದು. ಬೆಲ್ಟ್ ಬಿಗಿಯುವ ಜಾಗದಲ್ಲಿ, ಸೊಂಟದ ಬಲಕ್ಕೆ, ಅಂಗೈಯ ಅರ್ಧದಷ್ಟಿರುವ ಒಂದು ಉಂಗುರ. ಅಂಚು ತುಸು ಉಬ್ಬಿದೆ, ನಡುಭಾಗ ಹೆಚ್ಚುಕಡಿಮೆ ಮಾಮೂಲಿ ಚರ್ಮದಂತಿದೆ. ಎರಡನೆಯದು ನಲವತ್ತು ದಾಟಿದ ರೈತರೊಬ್ಬರ ಮುಂಗೈಯದು. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ಹೊರಭಾಗದಲ್ಲಿ, ಅಷ್ಟೇ ಗಾತ್ರದ ಉಂಗುರ. ಅಲ್ಲೂ ಅಂಚು ಉಬ್ಬಿದೆ, ನಡುಭಾಗ ತಿಳಿಯಾಗಿದೆ. ಮೊಬೈಲ್ ಪರದೆಯ ಮೇಲೆ ಇವೆರಡರ ನಡುವೆ ವ್ಯತ್ಯಾಸ ಹುಡುಕುವುದು ಕಷ್ಟ. ಒಂದಕ್ಕೆ ಫಂಗಸ್ ಕಾರಣವಾಗಿತ್ತು. ಇನ್ನೊಂದು ಕುಷ್ಠ.

ಇವನ್ನು ಬೇರ್ಪಡಿಸುವ ಮೊದಲು, ವೈದ್ಯರು ಚರ್ಮದ ಮೇಲಿನದನ್ನು ಹೇಗೆ ನೋಡುತ್ತಾರೆ ಎಂಬುದನ್ನು ಹೇಳಬೇಕು. ವಿದ್ಯಾರ್ಥಿಯಾಗಿದ್ದಾಗ ನಮಗೆ ಮೊದಲು ಬೀಳುತ್ತಿದ್ದ ಬೈಗುಳವೇ ಇದರದ್ದು. ಹಾಸಿಗೆಯ ಪಕ್ಕ ನಿಂತು ‘ಸೋರಿಯಾಸಿಸ್ ಸರ್’ ಎಂದರೆ ಪ್ರೊಫೆಸರು ಕೇಳುತ್ತಿದ್ದರು: ‘ಹೆಸರು ಆಮೇಲೆ ಹೇಳು. ಕಣ್ಣಿಗೆ ಏನು ಕಾಣ್ತಿದೆ ಅದನ್ನ ಹೇಳು.’ ರೋಗದ ಹೆಸರು ಬಾಯಿಗೆ ಬಂದ ಕೂಡಲೇ ಕಣ್ಣು ಹುಡುಕುವುದನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಮೊದಲು ವರ್ಣನೆ, ಆಮೇಲೆ ನಾಮಕರಣ. ವಿಯೆನ್ನಾದ ಯೋಸೆಫ್ ಪ್ಲೆಂಕ್ 1776ರಲ್ಲಿ, ಆಮೇಲೆ ಲಂಡನ್ನಿನ ರಾಬರ್ಟ್ ವಿಲ್ಲನ್ 1798ರಿಂದ ಹೊರತಂದ ಪುಸ್ತಕದಲ್ಲಿ, ಚರ್ಮದ ರೋಗಗಳನ್ನು ಕಾರಣದಿಂದ ವಿಂಗಡಿಸಲಿಲ್ಲ. ಕಾರಣಗಳು ಆಗ ಗೊತ್ತೇ ಇರಲಿಲ್ಲ. ಮಟ್ಟಸವಾದ ಮಚ್ಚೆಯೋ, ಉಬ್ಬಿದ ಗಂಟೋ, ನೀರು ತುಂಬಿದ ಬೊಬ್ಬೆಯೋ, ಕೀವಿನ ಗುಳ್ಳೆಯೋ, ಹೊಟ್ಟು ಏಳುವಂಥದ್ದೋ ಎಂಬ ರೂಪವನ್ನೇ ಹಿಡಿದು ವಿಂಗಡಿಸಿದರು. ಇವತ್ತಿಗೂ ನಾವು ಬರೆಯುವುದು ಹೆಚ್ಚುಕಡಿಮೆ ಅವರ ಕ್ರಮದಲ್ಲೇ.

ಮೊದಲ ಪ್ರಶ್ನೆ: ಕಣ್ಣು ಮುಚ್ಚಿ ಬೆರಳು ಆಡಿಸಿದರೆ ಅದು ಕೈಗೆ ಸಿಗುತ್ತದೆಯೇ? ಸಿಗದಿದ್ದರೆ ಅದು ಬರೀ ಬಣ್ಣದ ಬದಲಾವಣೆ. ಸಿಕ್ಕರೆ ಉಬ್ಬು. ಉಬ್ಬಿದ್ದರ ಅಗಲ ಒಂದು ಸೆಂಟಿಮೀಟರಿನೊಳಗೋ ಆಚೆಗೋ ಎಂಬುದಕ್ಕೆ ತಕ್ಕಂತೆ ಅದಕ್ಕೆ ಇಡುವ ಹೆಸರು ಬೇರೆಯಾಗುತ್ತದೆ. ಒಳಗೆ ನೀರಿದೆಯೇ, ಕೀವಿದೆಯೇ, ಗಟ್ಟಿಯೇ ಎಂಬುದು ಮುಂದಿನದು. ಅದರ ನಂತರ ಮೇಲ್ಮೈ: ನುಣುಪೋ, ಹೊಟ್ಟು ಕಟ್ಟಿದೆಯೋ, ಹಕ್ಕಳೆಗಟ್ಟಿದೆಯೋ, ಒಸರುತ್ತಿದೆಯೋ. ಇವೆಲ್ಲದರ ಜೊತೆ ನಾವು ಹೆಚ್ಚು ಹೊತ್ತು ನೋಡುವುದು ಅಂಚನ್ನು. ಉಂಗುರದ ವಿಷಯದಲ್ಲಂತೂ ಅಂಚೇ ಮುಖ್ಯ ಸಾಕ್ಷಿ.

ಹುಳುಕಡ್ಡಿ ಉಂಗುರವಾಗುವುದು ಏಕೆ ಎಂದು ತಿಳಿದರೆ ಅಂಚಿನ ಮಹತ್ವ ಅರ್ಥವಾಗುತ್ತದೆ. ಹೆಸರಿನಲ್ಲಿ ಹುಳು ಇದ್ದರೂ ಅಲ್ಲಿ ಹುಳುವಿಲ್ಲ, ಇರುವುದು ಫಂಗಸ್. ಅದರ ಆಹಾರ ಚರ್ಮದ ಮೇಲ್ಪದರದಲ್ಲಿರುವ, ಜೀವ ಹೋದ ಕೋಶಗಳ ಕೆರಟಿನ್. ಒಂದು ಬಿಂದುವಿನಲ್ಲಿ ಬಿದ್ದ ಫಂಗಸ್ ಸುತ್ತಲೂ ಸಮನಾಗಿ ಹರಡುತ್ತದೆ. ಅದು ಹೋದಲ್ಲೆಲ್ಲ ದೇಹ ಎಚ್ಚೆತ್ತು, ಆ ಪದರವನ್ನು ಬೇಗ ಬೇಗ ಕಳಚಿ ಹಾಕಿ, ಅದನ್ನು ಹೊರದಬ್ಬಲು ನೋಡುತ್ತದೆ. ಒಣಹುಲ್ಲಿನ ಬಯಲಿಗೆ ಬಿದ್ದ ಕಿಡಿ ಸುತ್ತಲೂ ಉರಿಯುತ್ತ ಹೋದಂತೆ ನಡುವೆ ಉರಿಯಲು ಏನೂ ಉಳಿಯದು. ಬೆಂಕಿ ಇರುವುದು ಅಂಚಿನಲ್ಲಿ ಮಾತ್ರ. ಹಾಗಾಗಿಯೇ ನಡುಭಾಗ ತಿಳಿಯಾಗಿ, ಅಂಚು ಉಬ್ಬಿ, ನವೆಯಾಗಿ, ಅದರ ಮೇಲೆ ಪುಡಿಪುಡಿ ಹೊಟ್ಟು ಏಳುತ್ತದೆ. ಹತ್ತಿರದಿಂದ ನೋಡಿದರೆ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಗುಳ್ಳೆಗಳೂ ಕಾಣಬಹುದು.

ಆದರೆ ಉಂಗುರವಾಗುವ ಹಕ್ಕು ಫಂಗಸ್ಸಿಗೆ ಮಾತ್ರ ಮೀಸಲಲ್ಲ. ನಡುವಿನಿಂದ ಹೊರಕ್ಕೆ ಹರಡಿ, ಹಿಂದಿನದು ಮಾಯುತ್ತ ಹೋಗುವ ಯಾವ ಉರಿಯೂತವಾದರೂ ಉಂಗುರವಾಗಬಹುದು. ಕೆಲವರಿಗೆ ಕೈಕಾಲಿನ ಮೇಲ್ಭಾಗದಲ್ಲಿ ನುಣುಪಾದ ಮಣಿಗಳನ್ನು ಪೋಣಿಸಿದಂಥ ಉಂಗುರ ಏಳುತ್ತದೆ. ಅದಕ್ಕೆ ಗ್ರಾನುಲೋಮ ಆನ್ಯುಲಾರೆ ಎನ್ನುತ್ತೇವೆ. ಅದರಲ್ಲಿ ಹೊಟ್ಟು ಒಂದಿಷ್ಟೂ ಇರುವುದಿಲ್ಲ, ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಕಾಲಿನ ಮೇಲೆ ನಾಣ್ಯದಂತೆ ದುಂಡಗೆ ಬಂದು ಒಸರುವ ಇಸುಬಿಗೆ ನಡುಭಾಗ ತಿಳಿಯಾಗುವ ಅಭ್ಯಾಸ ಕಡಿಮೆ. ಪಿಟಿರಿಯಾಸಿಸ್ ರೋಸಿಯಾ ಎಂಬ ಇನ್ನೊಂದರಲ್ಲಿ ಮೊದಲು ಒಂದೇ ಒಂದು ದೊಡ್ಡ ಮಚ್ಚೆ ಬರುತ್ತದೆ. ಅದರ ಹೊಟ್ಟು ಹೊರ ಅಂಚಿನ ಮೇಲಲ್ಲ, ಅಂಚಿಗಿಂತ ಒಂದು ಎಳೆ ಒಳಗೆ ಕೊರಳಪಟ್ಟಿಯ ಹಾಗೆ ನಿಂತಿರುತ್ತದೆ. ಈ ಒಂದು ಎಳೆಯ ವ್ಯತ್ಯಾಸವನ್ನು ಎದುರಿಗೆ ಕೂತವರಲ್ಲಿ ಕಾಣಬಹುದು. ವಾಟ್ಸ್ಆ್ಯಪ್ ಕುಗ್ಗಿಸಿ ಕಳಿಸಿದ ಫೋಟೊದಲ್ಲಿ ಹೊಟ್ಟು ಮೊದಲು ಮಾಯವಾಗುವ ಸಂಗತಿ. ಪುಡಿ ಇದ್ದ ಜಾಗ ನುಣ್ಣಗೆ ಕಾಣುತ್ತದೆ, ನುಣುಪಿದ್ದ ಜಾಗ ಫ್ಲ್ಯಾಶಿಗೆ ಮಿಂಚಿ ಹೊಟ್ಟಿನಂತೆ ಕಾಣುತ್ತದೆ.

ಮೊಬೈಲಿನಲ್ಲಿ ‘ಬ್ಯೂಟಿ’ ಆಯ್ಕೆ ತೆರೆದಿದ್ದರೆ ಕತೆ ಮುಗಿದಂತೆ. ಚರ್ಮದ ಮೇಲಿನ ಒರಟನ್ನು ಅಳಿಸುವುದೇ ಅದರ ಕೆಲಸ. ನಮಗೆ ಬೇಕಾಗಿರುವುದು ಆ ಒರಟೇ.

ಇನ್ನು ಬಣ್ಣ. ಇಂಗ್ಲಿಷ್ ಪಠ್ಯಪುಸ್ತಕಗಳು ಉರಿಯೂತವನ್ನು ‘ಕೆಂಪು’ ಎನ್ನುತ್ತವೆ. ಅದು ಬಿಳಿಯರ ಚರ್ಮ ನೋಡಿ ಬರೆದದ್ದು. ನಮ್ಮ ಗೋಧಿಬಣ್ಣದ, ಕಂದು, ಕಪ್ಪು ಚರ್ಮದ ಮೇಲೆ ಅದೇ ಉರಿಯೂತ ನೇರಳೆಯಾಗಿ, ಗಾಢ ಕಂದಾಗಿ, ಕೆಲವೊಮ್ಮೆ ಬರೀ ಬೂದು ಛಾಯೆಯಾಗಿ ಕಾಣುತ್ತದೆ. ಮೆಲನಿನ್ ಮೇಲೆ ಹೊದಿಕೆಯಂತಿದ್ದು ಕೆಳಗಿನ ರಕ್ತನಾಳಗಳ ಕೆಂಪನ್ನು ಮರೆಮಾಡುತ್ತದೆ. 2020ರಲ್ಲಿ ಲಂಡನ್ನಿನ ಸೇಂಟ್ ಜಾರ್ಜಸ್ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ ತನ್ನ ಅಧ್ಯಾಪಕರ ಜೊತೆ ಸೇರಿ ‘ಮೈಂಡ್ ದ ಗ್ಯಾಪ್’ ಎಂಬ ಕೈಪಿಡಿ ತಂದದ್ದು ಇದೇ ಕೊರತೆಯಿಂದ: ಕಪ್ಪು ಚರ್ಮದ ಮೇಲೆ ಈ ಲಕ್ಷಣ ಹೇಗೆ ಕಾಣುತ್ತದೆ ಎಂದು ಆತ ಕೇಳಿದರೆ ತೋರಿಸಲು ಚಿತ್ರಗಳು ಸಾಕಷ್ಟಿರಲಿಲ್ಲ. ನಮ್ಮ ರೋಗಿಗಳೂ ಗೂಗಲ್‌ನಲ್ಲಿ ಸಿಗುವ ಗುಲಾಬಿ ಮೈಯ ಚಿತ್ರಕ್ಕೆ ತಮ್ಮ ಮಚ್ಚೆಯನ್ನು ಹೋಲಿಸಿ, ‘ನನ್ನದು ಕೆಂಪಗಿಲ್ಲ, ಹಾಗಾಗಿ ಅದಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ.

ಬಣ್ಣದ ವಿಷಯದಲ್ಲಿ ಕ್ಯಾಮೆರಾವನ್ನು ಪೂರ್ತಿ ನಂಬದಿರುವುದು ಹೊಸತೇನಲ್ಲ. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಿಂದ 1868ರಲ್ಲಿ ಹಾರ್ಡಿ ಮತ್ತು ಮೋಂಟ್ಮೇಜ ಎಂಬ ವೈದ್ಯರು ಚರ್ಮರೋಗಗಳ ಫೋಟೊ ಸಂಪುಟವೊಂದನ್ನು ತಂದರು. ಆಗಿನ ಫೋಟೊಗಳಿಗೆ ಬಣ್ಣವಿರಲಿಲ್ಲ. ಬಣ್ಣವಿಲ್ಲದ ಚರ್ಮರೋಗದ ಚಿತ್ರದಿಂದ ಏನು ಕಲಿಯುವುದು? ಹಾಗಾಗಿ ಅಚ್ಚಾದ ಫೋಟೊಗಳಿಗೆ ಕೈಯಿಂದ ಬಣ್ಣ ಹಚ್ಚಿದರು. ಈಗ ಆ ಕುಂಚ ಮೊಬೈಲಿನ ಒಳಗಿದೆ. ಬೆಳಕು ಹಳದಿಯಾಗಿದೆ ಎಂದು ಅದಕ್ಕೆ ಅನ್ನಿಸಿದರೆ ತಾನಾಗಿ ನೀಲಿ ಬೆರೆಸುತ್ತದೆ, ಚಿತ್ರದ ತುಂಬ ಚರ್ಮವೇ ಇದ್ದರೆ ಆ ಚರ್ಮದ ಬಣ್ಣವನ್ನೇ ‘ಸರಿಪಡಿಸಲು’ ಹೋಗುತ್ತದೆ. ಒಂದೇ ಮಚ್ಚೆಯನ್ನು ಟ್ಯೂಬ್‌ಲೈಟಿನ ಕೆಳಗೊಮ್ಮೆ, ಕಿಟಕಿಯ ಪಕ್ಕ ಇನ್ನೊಮ್ಮೆ ತೆಗೆದು ನೋಡಿ. ಒಂದರಲ್ಲಿ ತಾಮ್ರ, ಇನ್ನೊಂದರಲ್ಲಿ ನೇರಳೆ. ಸುತ್ತಲ ಚರ್ಮಕ್ಕಿಂತ ತುಸು ಪೇಲವವಾಗಿರುವುದು ಮತ್ತು ಪೂರಾ ಬೆಳ್ಳಗಿರುವುದು ಇವುಗಳ ವ್ಯತ್ಯಾಸ ನಮಗೆ ಬಹಳ ದೊಡ್ಡದು. ಸುಣ್ಣದಂತೆ ಬೆಳ್ಳಗಾದರೆ ತೊನ್ನಿನ ಕಡೆ ಯೋಚನೆ ಹೋಗುತ್ತದೆ, ಪೇಲವವಾಗಿ ಒಣಗಿದಂತಿದ್ದರೆ ಬೇರೆ ಕಡೆ. ಫ್ಲ್ಯಾಶ್ ಬಿದ್ದ ಫೋಟೊದಲ್ಲಿ ಎರಡೂ ಬೆಳ್ಳಗೇ.

ಕೆಂಪಿನಲ್ಲೇ ಎರಡು ಬಗೆ ಇದೆ. ರಕ್ತನಾಳ ಹಿಗ್ಗಿ ಕೆಂಪಾದರೆ ಗಾಜಿನ ಲೋಟದ ಬದಿಯಿಂದ ಒತ್ತಿದಾಗ ರಕ್ತ ಸರಿದು ಬಣ್ಣ ಮಾಯವಾಗುತ್ತದೆ. ರಕ್ತ ನಾಳದಿಂದ ಹೊರಗೆ ಸೋರಿದ್ದರೆ ಎಷ್ಟು ಒತ್ತಿದರೂ ಹೋಗದು. ಜ್ವರದ ಜೊತೆ ಒತ್ತಿದರೂ ಮಾಸದ ಚುಕ್ಕೆಗಳು ಬಂದರೆ ಫೋಟೊ ತೆಗೆಯುತ್ತ ಕೂರಬಾರದು, ಆಸ್ಪತ್ರೆಗೆ ಹೊರಡಬೇಕು. ಹೊಸ ಮಾತ್ರೆ ಶುರುಮಾಡಿದ ಮೇಲೆ ಮೈಮೇಲೆ ದದ್ದು ಎದ್ದು, ಜೊತೆಗೆ ಬಾಯಿ, ಕಣ್ಣು ಹುಣ್ಣಾದರೂ ಇದೇ ಮಾತು. ನಿಂತ ಚಿತ್ರದಲ್ಲಿ ಈ ಒತ್ತುವ ಪರೀಕ್ಷೆ ಇರುವುದಿಲ್ಲ.

ಹರಡಿಕೆಯ ವಿಷಯಕ್ಕೆ ಬಂದರೆ, ಕಳಿಸುವವರು ಕಳಿಸುವುದು ಒಂದು ಮಚ್ಚೆಯನ್ನು. ನಾವು ಓದುವುದು ಇಡೀ ಮೈಯನ್ನು. ಸೋರಿಯಾಸಿಸ್ ಮೊಣಕೈ ಮೊಣಕಾಲಿನ ಹೊರಬದಿಯನ್ನು ಹುಡುಕಿಕೊಂಡು ಹೋಗುತ್ತದೆ, ಮಕ್ಕಳ ಇಸುಬು ಅದೇ ಕೀಲಿನ ಒಳಮಡಿಕೆಯನ್ನು. ಕಜ್ಜಿ ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಕೂರುತ್ತದೆ. ಸರ್ಪಸುತ್ತು ದೇಹದ ನಡುಗೆರೆ ಬಂದ ಕೂಡಲೇ ನಿಂತುಬಿಡುತ್ತದೆ, ಏಕೆಂದರೆ ಅದು ಹಿಡಿದ ನರದ ಸರಹದ್ದು ಅಲ್ಲಿಗೆ ಮುಗಿಯುತ್ತದೆ. ನಮ್ಮ ರಾಜ್ಯದ ಹೊಲಬದುಗಳಲ್ಲಿ ಕಾಂಗ್ರೆಸ್ ಗಿಡ ಎಂದು ಕರೆಸಿಕೊಳ್ಳುವ ಪಾರ್ಥೇನಿಯಂನ ಅಲರ್ಜಿ ಒಳ್ಳೆಯ ಉದಾಹರಣೆ. ಮುಖ, ಕತ್ತು, ಕೈ ಕಪ್ಪಾಗಿ ದಪ್ಪವಾದವರನ್ನು ಕಂಡರೆ ಬಿಸಿಲಿನದೆಂದು ಅನ್ನಿಸುತ್ತದೆ. ಗಾಳಿಯಲ್ಲಿ ಬರುವ ಪುಡಿ ರೆಪ್ಪೆಯ ಮೇಲೂ ಕಿವಿಯ ಹಿಂದೆಯೂ ಗದ್ದದ ಕೆಳಗೂ ಕೂರುತ್ತದೆ. ಬಿಸಿಲು ಆ ಜಾಗಗಳನ್ನು ಮುಟ್ಟುವುದು ಕಡಿಮೆ. ಗದ್ದ ಎತ್ತಿ ನೋಡಿದರೆ ಎರಡರಲ್ಲಿ ಯಾವುದು ಎಂಬ ಸುಳಿವು ಸಿಗುತ್ತದೆ. ಗದ್ದ ಎತ್ತಿ ಸೆಲ್ಫಿ ಕಳಿಸಿದವರನ್ನು ನಾನಿನ್ನೂ ಕಂಡಿಲ್ಲ.

ಈಗ ಹೋಟೆಲ್ ಹುಡುಗನ ಕಡೆ ಬರೋಣ. ಫೋಟೊ ಕಳಿಸಿದ್ದು ಅವನ ಅಕ್ಕ. ಹುಡುಗ ಎದುರಿಗೆ ಬಂದು ಕೂತಾಗ ಗೊತ್ತಾಯಿತು, ಅದು ಮೂರು ವಾರ ಹಳೆಯ ಫೋಟೊ. ಆ ಮೂರು ವಾರಗಳಲ್ಲಿ ಅವನು ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದು ಹಚ್ಚಿದ್ದ. ‘ಹಚ್ಚಿದ್ರೆ ಎರಡೇ ದಿನಕ್ಕೆ ತುರಿಕೆ ಹೋಗುತ್ತೆ ಸರ್. ಬಿಟ್ರೆ ಮತ್ತೆ ಬರುತ್ತೆ.’ ಈ ಒಂದು ವಾಕ್ಯ ನನಗೆ ಫೋಟೊಗಿಂತ ಹೆಚ್ಚು ಹೇಳಿತು. ಟ್ಯೂಬ್ ತರಿಸಿ ನೋಡಿದೆ. ಅದರಲ್ಲಿ ಫಂಗಸ್ ಔಷಧವೂ ಇತ್ತು, ಬ್ಯಾಕ್ಟೀರಿಯಾದ ಔಷಧವೂ ಇತ್ತು, ಜೊತೆಗೆ ಕ್ಲೊಬೆಟಸಾಲ್ ಎಂಬ ಬಲವಾದ ಸ್ಟೀರಾಯ್ಡ್. ಸ್ಟೀರಾಯ್ಡ್ ಉರಿಯೂತವನ್ನು ತಣಿಸುತ್ತದೆ, ನವೆ ಹೋಗುತ್ತದೆ. ಆದರೆ ಆ ಉರಿಯೂತವೇ ಫಂಗಸ್ಸನ್ನು ಹೊರದಬ್ಬಲು ದೇಹ ಮಾಡುತ್ತಿದ್ದ ಹೋರಾಟ. ಕಾವಲು ಎದ್ದುಹೋದ ಮೇಲೆ ಫಂಗಸ್ ಸಲೀಸಾಗಿ ಹರಡುತ್ತದೆ.

ಅವನ ಸೊಂಟದ ಮೇಲೆ ಈಗ ಉಂಗುರವೇ ಇರಲಿಲ್ಲ. ಅಂಚು ಅಲ್ಲಲ್ಲಿ ಕಳಚಿಹೋಗಿ, ಹಳೆಯ ಉಂಗುರದ ಒಳಗೆ ಇನ್ನೊಂದು ಅರೆ ಉಂಗುರ ಮೂಡಿ, ನಡುವೆ ಕಂದು ಕಲೆ ಉಳಿದಿತ್ತು. ಕೇಳಿದ ಮೇಲೆ ಸಂಕೋಚದಿಂದ ಪ್ಯಾಂಟ್ ಸರಿಸಿದ. ಎರಡೂ ತೊಡೆಸಂದಿ, ಹಿಂಭಾಗ ಎಲ್ಲ ಹಿಡಿದಿತ್ತು. ತೊಡೆಯ ಒಳಭಾಗದಲ್ಲಿ ಸ್ಟೀರಾಯ್ಡಿನಿಂದ ಚರ್ಮ ತೆಳುವಾಗಿ ಬಿರುಕುಗೆರೆಗಳೂ ಬಂದಿದ್ದವು. ಹೀಗೆ ವೇಷ ಮರೆಸಿಕೊಂಡ ಹುಳುಕಡ್ಡಿಯನ್ನು ಈವ್ ಮತ್ತು ಮಾರ್ಕ್ಸ್ ಎಂಬ ಬ್ರಿಟಿಷ್ ವೈದ್ಯರು 1968ರಲ್ಲಿ ವಿವರಿಸಿ ‘ಟೀನಿಯಾ ಇನ್ಕಾಗ್ನಿಟೊ’ ಎಂದು ಕರೆದರು. ನಮ್ಮ ಹೊರರೋಗಿ ವಿಭಾಗಗಳಲ್ಲಿ ಅದು ಈಗ ದಿನನಿತ್ಯದ ಮಾತು. ಬಲವಾದ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ನಿಯಮ ಬಿಗಿ ಮಾಡಿದರೂ ಕೌಂಟರಿನಲ್ಲಿ ‘ಹುಳುಕಡ್ಡಿಗೆ ಒಂದು ಟ್ಯೂಬ್ ಕೊಡಿ’ ಎಂದರೆ ಸಿಗುವುದು ಅನೇಕ ಕಡೆ ಅದೇ.

ಹುಳುಕಡ್ಡಿಯೇ ಎಂದು ಹೇಳಲು ನಾವು ಮಾಡುವ ಪರೀಕ್ಷೆ ಸರಳವಾದದ್ದು. ಹಚ್ಚಿದ ಮುಲಾಮು ಹೋಗುವಂತೆ ಸ್ಪಿರಿಟ್ಟಿನಿಂದ ಒರೆಸಿ, ಅಂಚನ್ನು ಬ್ಲೇಡಿನ ಮೊಂಡು ಬದಿಯಿಂದ ಮೆಲ್ಲಗೆ ಕೆರೆಯುತ್ತೇವೆ. ನಡುಭಾಗದಿಂದ ಕೆರೆದರೆ ಪ್ರಯೋಜನ ಕಡಿಮೆ, ಫಂಗಸ್ ಇರುವುದು ಅಂಚಿನಲ್ಲಿ. ಉದುರಿದ ಪುಡಿಯನ್ನು ಗಾಜಿನ ಪಟ್ಟಿಯ ಮೇಲೆ ಹಿಡಿದು, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕಿ, ಮೇಲೊಂದು ತೆಳು ಗಾಜು ಮುಚ್ಚಿ ಹತ್ತಿಪ್ಪತ್ತು ನಿಮಿಷ ಬಿಡುತ್ತೇವೆ. ಕ್ಷಾರ ಚರ್ಮದ ಕೋಶಗಳನ್ನು ಕರಗಿಸುತ್ತದೆ. ಫಂಗಸ್ಸಿನ ಗೋಡೆ ಗಟ್ಟಿ, ಅದು ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಕವಲೊಡೆದ, ನಡುನಡುವೆ ಗೆಣ್ಣುಗಳಿರುವ ಉದ್ದ ಎಳೆಗಳು ಕೋಶಗಳ ಗೆರೆಗಳನ್ನು ಅಡ್ಡ ಹಾಯ್ದು ಹೋಗಿರುವುದು ಕಾಣಿಸಿದರೆ ಅನುಮಾನ ಮುಗಿಯಿತು. ಎಳೆ ಕಾಣಿಸಲಿಲ್ಲ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ. ಹಿಂದಿನ ದಿನ ಔಷಧ ಹಚ್ಚಿದ್ದರೆ, ಪುಡಿ ಸಾಲದಿದ್ದರೆ ಪರೀಕ್ಷೆ ಸುಳ್ಳು ಹೇಳಬಹುದು. ಬಟ್ಟೆಯ ನೂಲನ್ನು ಫಂಗಸ್ ಎಂದು ಓದುವವರೂ ಇದ್ದಾರೆ. ನಮ್ಮ ಹುಡುಗನ ಪುಡಿಯಲ್ಲಿ ಎಳೆಗಳು ಧಾರಾಳವಾಗಿದ್ದವು. ಸ್ಟೀರಾಯ್ಡ್ ಹಚ್ಚಿದವರಲ್ಲಿ ಹೀಗಾಗುವುದು ಸಾಮಾನ್ಯ.

ಅಷ್ಟಾದರೂ ಚಿತ್ರ ಪೂರ್ತಿಯಾಗದು. ಭಾರತ, ನೇಪಾಳದ ರೋಗಿಗಳಲ್ಲಿ ಸಿಕ್ಕ ಒಂದು ಫಂಗಸ್ಸಿಗೆ ಜಪಾನಿನ ಸಂಶೋಧಕರು 2020ರಲ್ಲಿ ಟ್ರೈಕೊಫೈಟಾನ್ ಇಂಡೊಟೀನಿಯೆ ಎಂದು ಹೆಸರಿಟ್ಟರು. ಟರ್ಬಿನಾಫಿನ್ ಎಂಬ ಪ್ರಚಲಿತ ಔಷಧ ದಾಳಿ ಮಾಡುವ ಕಿಣ್ವವೇ ಇದರ ಅನೇಕ ತಳಿಗಳಲ್ಲಿ ಮಾರ್ಪಟ್ಟಿರುವುದರಿಂದ ಅವು ಆ ಔಷಧಕ್ಕೆ ಜಗ್ಗುವುದಿಲ್ಲ. ಜಗ್ಗುವ ಫಂಗಸ್ಸಿನ ಉಂಗುರವೂ ಜಗ್ಗದ ಫಂಗಸ್ಸಿನ ಉಂಗುರವೂ ಕಣ್ಣಿಗೆ ಒಂದೇ. ಸೂಕ್ಷ್ಮದರ್ಶಕದ ಎಳೆಗಳೂ ಒಂದೇ. ಅದನ್ನು ತಿಳಿಯಲು ಪ್ರಯೋಗಾಲಯದಲ್ಲಿ ಬೆಳೆಸಿ, ವಂಶವಾಹಿ ನೋಡಬೇಕು. ಬೆಳೆಯಲು ವಾರಗಳೇ ಬೇಕು. ದಿನನಿತ್ಯ ನಾವು ಮಾಡುವುದು ಔಷಧ ಕೊಟ್ಟು ಮೂರ್ನಾಲ್ಕು ವಾರಕ್ಕೆ ಮತ್ತೆ ಕರೆಸಿ ನೋಡುವುದು. ಈ ಹುಡುಗನ ಜೊತೆ ಒಂದೇ ಕೋಣೆಯಲ್ಲಿ ಮಲಗುವ ಇನ್ನೂ ನಾಲ್ವರಿದ್ದರು, ಟವೆಲು ಒಬ್ಬರದೊಬ್ಬರು ಬಳಸುತ್ತಿದ್ದರು, ಇಬ್ಬರಿಗೆ ನವೆ ಇತ್ತು. ಅವರನ್ನು ಬಿಟ್ಟು ಇವನೊಬ್ಬನಿಗೆ ಮಾತ್ರೆ ಕೊಟ್ಟಿದ್ದರೆ ತಿಂಗಳೊಳಗೆ ಮತ್ತೆ ಬರುತ್ತಿದ್ದ.

ರೈತರ ಮುಂಗೈಯ ಉಂಗುರಕ್ಕೆ ಇದೇ ಹಾದಿ ಹಿಡಿದು ನೋಡಿ. ‘ಎಷ್ಟು ದಿನದಿಂದ ಇದೆ?’ ‘ಎಂಟು ತಿಂಗಳ ಮೇಲಾಯ್ತೇನೋ ಸ್ವಾಮಿ.’ ‘ತುರಿಸುತ್ತಾ?’ ‘ಇಲ್ಲ, ಏನೂ ಗೊತ್ತಾಗಲ್ಲ.’ ಹುಳುಕಡ್ಡಿ ಎಂಟು ತಿಂಗಳು ಇದ್ದಲ್ಲೇ ಇದ್ದು ತುರಿಸದೆ ಇರುವುದು ಅಪರೂಪ. ಅಂಚು ಉಬ್ಬಿತ್ತು ನಿಜ, ಆದರೆ ಮೇಲೆ ಪುಡಿ ಏಳುತ್ತಿರಲಿಲ್ಲ. ಬೆರಳಿಗೆ ಮಚ್ಚೆ ಒಣಒಣ ಎನಿಸಿತು. ಬಿಸಿಲಲ್ಲಿ ನಡೆದು ಬಂದು ಸುತ್ತಲ ಕೈ ಬೆವತಿದ್ದರೂ ಅಲ್ಲಿ ಬೆವರಿರಲಿಲ್ಲ. ಕೂದಲೂ ಉದುರಿ ವಿರಳವಾಗಿತ್ತು. ಕೆರೆದು ನೋಡಿದ ಪುಡಿಯಲ್ಲಿ ಫಂಗಸ್ ಇರಲಿಲ್ಲ.

ಆಮೇಲೆ ಮಾಡಿದ್ದು ಬಾಲ್‌ಪೆನ್ನಿನ ಪರೀಕ್ಷೆ. ಮೊದಲು ಕಣ್ಣು ತೆರೆದಿರುವಾಗಲೇ ಮಚ್ಚೆಯಿಲ್ಲದ ಚರ್ಮಕ್ಕೆ ಪೆನ್ನಿನ ತುದಿಯನ್ನು ಹಗುರವಾಗಿ ತಾಗಿಸಿ, ತಾಗಿದಲ್ಲಿ ಬೆರಳಿಡುವಂತೆ ಹೇಳಿಕೊಡಬೇಕು. ಅರ್ಥವಾದ ಮೇಲೆ ಕಣ್ಣು ಮುಚ್ಚಿಸಿ, ಒಮ್ಮೆ ಹೊರಗೆ, ಒಮ್ಮೆ ಮಚ್ಚೆಯ ಒಳಗೆ, ಲಯ ತಪ್ಪಿಸಿ ತಾಗಿಸಬೇಕು. ಗೀರಬಾರದು, ಒತ್ತಲೂಬಾರದು, ಒತ್ತಿದರೆ ಆಳದ ಸ್ಪರ್ಶ ತಿಳಿದು ಪರೀಕ್ಷೆ ಕೆಡುತ್ತದೆ. ಹೊರಗೆ ತಾಗಿದಾಗಲೆಲ್ಲ ಅವರ ಬೆರಳು ಸರಿಯಾದ ಜಾಗಕ್ಕೆ ಬರುತ್ತಿತ್ತು. ಒಳಗೆ ತಾಗಿದಾಗ ಅವರು ಸುಮ್ಮನೆ ಕೂತಿದ್ದರು, ಮುಂದಿನದಕ್ಕೆ ಕಾಯುತ್ತ. ಮೊಣಕೈಯ ಒಳಬದಿಯ ಮೂಳೆಯ ಹಿಂದೆ ಬೆರಳಿಟ್ಟು ನೋಡಿದರೆ ಅಲ್ಲಿ ಹಾಯುವ ನರ ಇನ್ನೊಂದು ಕೈಯ ನರಕ್ಕಿಂತ ದಪ್ಪವಾಗಿತ್ತು. ಕಿರುಬೆರಳನ್ನು ಪಕ್ಕಕ್ಕೆ ಅಗಲಿಸಿ ಹಿಡಿಯಲು ಹೇಳಿದರೆ, ಬಲ ತುಸು ಕಡಿಮೆ.

ಕುಷ್ಠದ ರೋಗಾಣು ಚರ್ಮದ ಜೊತೆ ನರವನ್ನೂ ಹಿಡಿಯುತ್ತದೆ. ಸ್ಪರ್ಶವಿಲ್ಲದ ಮಚ್ಚೆ, ದಪ್ಪವಾದ ನರ ಇವೆರಡೂ ಸಿಕ್ಕ ಮೇಲೆ ಬೇರೆ ಸಾಕ್ಷಿ ಬೇಕಾಗುವುದು ಕಡಿಮೆ. ಈ ಬಗೆಯ ಕುಷ್ಠದಲ್ಲಿ ರೋಗಾಣುಗಳು ವಿರಳ. ಚರ್ಮ ಸೀಳಿ ತೆಗೆದ ದ್ರವದ ಪರೀಕ್ಷೆಯಲ್ಲಿ ಅವು ಬಹಳ ಸಲ ಸಿಗುವುದೇ ಇಲ್ಲ. ಹಾಗಾಗಿ ಚರ್ಮದ ಚೂರು ತೆಗೆದು ಬಯಾಪ್ಸಿಗೂ ಕಳಿಸಿದೆವು. ಮುಖದ ಮೇಲಿನ ಮಚ್ಚೆಯಲ್ಲಾದರೆ ಬಾಲ್‌ಪೆನ್ನನ್ನೂ ಪೂರ್ತಿ ನಂಬುವಂತಿಲ್ಲ. ಅಲ್ಲಿ ನರಗಳ ದಟ್ಟಣೆ ಹೆಚ್ಚಾದ್ದರಿಂದ ರೋಗವಿದ್ದೂ ಸ್ಪರ್ಶ ಉಳಿದಿರಬಹುದು. ರಾಷ್ಟ್ರಮಟ್ಟದಲ್ಲಿ ಕುಷ್ಠ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತೆಂದು ಭಾರತ ಹೇಳಿಕೊಂಡದ್ದು 2005ರ ಕೊನೆಗೆ. ಕಡಿಮೆಯಾಯಿತು, ಹೋಗಲಿಲ್ಲ. ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ರೋಗದ ಹರಡಿಕೆಗೆ ತಕ್ಕಂತೆ 6 ತಿಂಗಳು ಅಥವಾ 12 ತಿಂಗಳು. ಮಚ್ಚೆ ಮಾಯುತ್ತದೆ, ಆದರೆ ತಡವಾಗಿ ಹಾಳಾದ ನರ ಪೂರ್ತಿ ಹಿಂದಿರುಗುವ ಖಾತ್ರಿಯಿಲ್ಲ. ಫೋಟೊ ನೋಡಿ ‘ಹುಳುಕಡ್ಡಿ’ ಎಂದು ಟ್ಯೂಬ್ ಬರೆದುಕೊಟ್ಟು ಇನ್ನೊಂದು ಆರು ತಿಂಗಳು ಕಳೆದಿದ್ದರೆ ಆ ಕಿರುಬೆರಳಿನ ಗತಿ ಬೇರೆಯಾಗುತ್ತಿತ್ತು.

ಹಾಗೆಂದು ಫೋಟೊ ಬೇಡವೇ ಬೇಡ ಎನ್ನುವ ವೈದ್ಯರ ಪಂಗಡಕ್ಕೆ ನಾನು ಸೇರಿದವನಲ್ಲ. ಪಿತ್ತದ ಗಂಧೆ ರಾತ್ರಿ ಎದ್ದು ಬೆಳಿಗ್ಗೆ ಕ್ಲಿನಿಕ್ಕಿಗೆ ಬರುವಷ್ಟರಲ್ಲಿ ಮಾಯವಾಗಿರುತ್ತದೆ. ಅದು ಬಂದಿತ್ತೆನ್ನಲು ಫೋಟೊ ಒಂದೇ ಸಾಕ್ಷಿ. ಮೊದಲೇ ನೋಡಿದ ರೋಗ ಗುಣವಾಗುತ್ತಿದೆಯೇ ಎಂದು ತಿಳಿಯಲು ಎರಡು ದಿನಾಂಕದ ಎರಡು ಫೋಟೊ ನೂರು ಮಾತಿಗಿಂತ ಮೇಲು. ಹತ್ತಿರ ಚರ್ಮವೈದ್ಯರಿಲ್ಲದ ತಾಲ್ಲೂಕಿನಿಂದ ಅಲ್ಲಿನ ಡಾಕ್ಟರೇ ಮುಟ್ಟಿ ನೋಡಿ, ಜೊತೆಗೆ ಫೋಟೊ ಕಳಿಸಿದರೆ ಅರ್ಧ ಕೆಲಸ ಆದಂತೆಯೇ. 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯೂ ದೂರದಿಂದ ನೋಡಿದ್ದು ಸಾಕೇ, ಎದುರಿಗೆ ಕರೆಸಬೇಕೇ ಎಂಬ ತೀರ್ಮಾನವನ್ನು ವೈದ್ಯರ ವಿವೇಚನೆಗೇ ಬಿಟ್ಟಿದೆ.

ಕಳಿಸುವುದಾದರೆ ಹಗಲಲ್ಲಿ, ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಬೆಳಕು ಒಂದು ಬದಿಯಿಂದ ಓರೆಯಾಗಿ ಬಿದ್ದರೆ ಉಬ್ಬು ತಾನಾಗಿ ನೆರಳು ಚೆಲ್ಲುತ್ತದೆ. ಮೊದಲು ದೂರದಿಂದ ಒಂದು, ಯಾವ ಅಂಗ, ಎಷ್ಟು ಕಡೆ ಎಂದು ತಿಳಿಯುವಂತೆ. ಆಮೇಲೆ ಹತ್ತಿರದಿಂದ ಒಂದು, ಪಕ್ಕದಲ್ಲಿ ಸ್ಕೇಲು ಇಟ್ಟು. ಮಚ್ಚೆಯಿಲ್ಲದ ಇನ್ನೊಂದು ಕೈ ಅಥವಾ ಕಾಲಿನದೂ ಒಂದಿರಲಿ, ನಿಮ್ಮ ಮಾಮೂಲಿ ಬಣ್ಣ ಯಾವುದೆಂದು ನಮಗೆ ಗೊತ್ತಾಗಲು. ತೀರ ಹತ್ತಿರ ಹಿಡಿದು ಮಸುಕಾಗಿಸಬೇಡಿ. ಒಂದು ಗೇಣು ದೂರ ಹಿಡಿದು ತೆಗೆದು, ಕುಗ್ಗದಂತೆ ಡಾಕ್ಯುಮೆಂಟ್ ಆಗಿ ಕಳಿಸಿ. ಗುಪ್ತಾಂಗದ್ದು, ಮಕ್ಕಳದ್ದು ಕುಟುಂಬದ ಗ್ರೂಪಿನಲ್ಲಿ ಹಾಕಿ ಅಭಿಪ್ರಾಯ ಕೇಳುವ ಅಭ್ಯಾಸ ಬಿಡಿ. ಫೋಟೊದ ಕೆಳಗೆ ನಾಲ್ಕು ಮಾತು ಬರೆಯಿರಿ: ಎಂದು ಶುರುವಾಯಿತು, ಈ ಫೋಟೊ ಎಂದಿನದು, ನವೆಯೋ ನೋವೋ ಏನೂ ಇಲ್ಲವೋ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೋ. ಈವರೆಗೆ ಹಚ್ಚಿದ ಟ್ಯೂಬುಗಳೆಲ್ಲವನ್ನೂ, ಖಾಲಿಯಾಗಿ ಸುರುಳಿ ಸುತ್ತಿದ್ದನ್ನೂ ಬಿಡದೆ, ಸಣ್ಣಕ್ಷರದಲ್ಲಿ ಔಷಧದ ಹೆಸರಿರುವ ಬದಿ ಕಾಣುವಂತೆ ಸಾಲಾಗಿಟ್ಟು ಅವುಗಳ ಫೋಟೊವನ್ನೂ ಕಳಿಸಿ.